ಟ್ಯಾಗಿನ ಬೆಲೆಯಲ್ಲೇ ಜಿಎಸ್‌ಟಿ ಸೇರಿದೆ: ಮೂಲ ಬೆಲೆ ಎಷ್ಟು, ತೆರಿಗೆ ಎಷ್ಟು?

ಕೇಳಿದವರು: ಬಳ್ಳಾರಿ, ರೆಡಿಮೇಡ್ ಅಂಗಡಿ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಮನೆಯವರು ಸೇರಿ ಬಳ್ಳಾರಿಯಲ್ಲಿ ಚಿಕ್ಕದೊಂದು ಜೀನ್ಸ್ ಅಂಗಡಿ ಶುರು ಮಾಡಿ ಎರಡು ತಿಂಗಳಾಯಿತು. ಟ್ಯಾಗ್ ಮೇಲೆ ತೆರಿಗೆ ಸೇರಿಸಿಯೇ ಬೆಲೆ ಬರೆದಿದ್ದೇವೆ. ಇಲ್ಲಿಯವರೆಗೆ ನಾನು ಕೈಯಲ್ಲೇ ಲೆಕ್ಕ ಮಾಡಿ ಬಿಲ್ ಬರೆಯುತ್ತಿದ್ದೆ. 1,050 ರೂಪಾಯಿಯ ಪ್ಯಾಂಟಿಗೆ 5% ಅಂದರೆ 52.50 ತೆರಿಗೆ, ಉಳಿದ 997.50 ನಮ್ಮ ಬೆಲೆ. ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದೆವು. ಅದು ಅದೇ ಪ್ಯಾಂಟಿಗೆ 50 ರೂಪಾಯಿ ತೆರಿಗೆ ತೋರಿಸುತ್ತದೆ. ಯಾರು ತಪ್ಪು? ಇನ್ನೊಂದು, 2,799 ರೂಪಾಯಿಯ ಡೆನಿಮ್ ಜಾಕೆಟ್ ಹಾಕಿದರೆ ಸಾಫ್ಟ್‌ವೇರ್ ಒಮ್ಮೆ 5%, ಒಮ್ಮೆ 18% ಅನ್ನುತ್ತದೆ. ಅನುಭವ ಇರುವವರು ಹೇಳಿ.

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಅಕ್ಕಾ, ಪ್ಯಾಂಟಿನ ವಿಷಯದಲ್ಲಿ ಸಾಫ್ಟ್‌ವೇರ್ ಸರಿ. ನಿಮ್ಮ ಲೆಕ್ಕ ತಪ್ಪು. ಆದರೆ ಇದು ನಾನು ಬರೆಯುವ ಅಂಗಡಿಗಳಲ್ಲಿ ಅರ್ಧಕ್ಕರ್ಧ ಜನ ಮಾಡಿದ ತಪ್ಪು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

5% ಅನ್ನೋದು ಮೂಲ ಬೆಲೆಯ ಮೇಲೆ ಹಾಕುವ 5%. ಟ್ಯಾಗಿನ ಬೆಲೆಯ ಮೇಲೆ ಅಲ್ಲ. ಟ್ಯಾಗಿನಲ್ಲಿ ಆಗಲೇ ತೆರಿಗೆ ಕೂತಿದೆ. ನೀವು ಅದರ ಮೇಲೆ ಮತ್ತೆ 5% ತೆಗೆದರೆ ತೆರಿಗೆಗೂ ತೆರಿಗೆ ಲೆಕ್ಕ ಹಾಕಿದ ಹಾಗಾಯಿತು.

ಖಾನಾವಳಿಯಲ್ಲಿ 20 ರೊಟ್ಟಿ ಕೊಂಡವರಿಗೆ ಮೇಲೆ 1 ರೊಟ್ಟಿ ಕೊಡುತ್ತಾರೆ ಅಂತ ಇಟ್ಟುಕೊಳ್ಳಿ. 20ಕ್ಕೆ 1 ಅಂದರೆ 5%. ಆದರೆ ಬುಟ್ಟಿಯಲ್ಲಿ ಈಗ ಎಷ್ಟಿವೆ? 21. ಆ ಮೇಲಿನ ಒಂದು ರೊಟ್ಟಿಯನ್ನು ವಾಪಸ್ ತೆಗೆಯಬೇಕು ಅಂದರೆ 21ರಲ್ಲಿ ಒಂದು ತೆಗೆಯಬೇಕು, 20ರಲ್ಲಿ ಒಂದಲ್ಲ. ಟ್ಯಾಗಿನ ಬೆಲೆಯೂ ಹಾಗೇ. 5% ಇರುವ ಸಾಮಾನಿನಲ್ಲಿ 20 ಪಾಲು ನಿಮ್ಮದು, 1 ಪಾಲು ಸರ್ಕಾರದ್ದು. ಹಾಗಾಗಿ ಟ್ಯಾಗಿನ ಬೆಲೆಯನ್ನು ಸುಮ್ನೆ 21ರಿಂದ ಭಾಗಿಸಿ, ತೆರಿಗೆ ಸಿಗುತ್ತದೆ. 1,050 ಭಾಗಿಸು 21, ಬಂದದ್ದು 50. ಉಳಿದ 1,000 ಮೂಲ ಬೆಲೆ.

ಸರಿಯಾಗಿದೆಯಾ ಅಂತ ನೋಡಲು ವಾಪಸ್ ಹೋಗಿ. 1,000ಕ್ಕೆ 5% ಸೇರಿಸಿದರೆ 1,050. ಟ್ಯಾಗಿಗೆ ಬಂತು. ಈಗ ನಿಮ್ಮ 997.50ಕ್ಕೆ 5% ಸೇರಿಸಿ. 1,047.38 ಬರುತ್ತದೆ. ಟ್ಯಾಗ್ ಮುಟ್ಟಲಿಲ್ಲ. ಯಾವ ಲೆಕ್ಕ ವಾಪಸ್ ಹೋದಾಗ ಟ್ಯಾಗ್ ಮುಟ್ಟುವುದಿಲ್ಲವೋ ಅದು ತಪ್ಪು. ಕ್ಯಾಲ್ಕುಲೇಟರ್‌ನಲ್ಲಿ ಹತ್ತು ಸೆಕೆಂಡಿನ ಕೆಲಸ. ನಾನು ಇವತ್ತಿಗೂ ಹೊಸ ಅಂಗಡಿಯ ಬಿಲ್ ಪುಸ್ತಕ ಕೈಗೆ ಬಂದರೆ ಮೊದಲು ಇದನ್ನೇ ನೋಡುತ್ತೇನೆ.

ಬಟ್ಟೆ ವ್ಯಾಪಾರದಲ್ಲಿ ಈ ಗೊಂದಲ ಜಾಸ್ತಿ ಆಗೋದಕ್ಕೆ ಒಂದು ಕಾರಣ ಇದೆ. ನಮ್ಮೂರಿನ ಜೀನ್ಸ್ ಹೋಲ್‌ಸೇಲ್‌ನಲ್ಲಿ ಯಾವಾಗಲೂ ಇಷ್ಟು ರೂಪಾಯಿ, ಮೇಲೆ ಜಿಎಸ್‌ಟಿ ಬೇರೆ ಅಂತ ಮಾತು. ಅಲ್ಲಿ 5% ನೇರವಾಗಿ ಹಾಕಿದರೆ ಮುಗಿಯಿತು. ಚಿಲ್ಲರೆಗೆ ಬಂದ ಮೇಲೆ ಲೆಕ್ಕ ತಿರುಗುತ್ತದೆ. ಕೈ ಮಾತ್ರ ಹಳೆಯ ರೂಢಿಯಲ್ಲೇ ಓಡುತ್ತದೆ.

ಮೊಬೈಲ್ ಬಿಡಿಭಾಗಗಳ ಅಂಗಡಿ, ರಾಯಚೂರು

ಮೇಲಿನವರು ಹೇಳಿದ್ದು ಸರಿ, ಆದರೆ ಒಂದು ಬಿಟ್ಟಿದ್ದಾರೆ. ಬಿಲ್‌ನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎರಡನ್ನೂ ಬೇರೆ ಬೇರೆ ತೋರಿಸಬೇಕಲ್ವಾ? ಹಾಗಾಗಿ ಬೇರೆ ಬೇರೆಯಾಗಿಯೇ ತೆಗೆಯಬೇಕು. ನಮ್ಮಲ್ಲಿ ಎಲ್ಲ 18%ರ ಮಾಲು. ನಾನು 1,180ರ ಚಾರ್ಜರಿಗೆ ಮೊದಲು 1,180 × 9 ÷ 109 ಮಾಡುತ್ತೇನೆ. 97.43 ಸಿಜಿಎಸ್‌ಟಿ. ಅಷ್ಟೇ ಎಸ್‌ಜಿಎಸ್‌ಟಿ. ಮೇಡಂ, ನಿಮಗೆ 2.5 ಮತ್ತು 102.5 ಬರುತ್ತದೆ.

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಅಣ್ಣಾ, ಬೇರೆ ಬೇರೆ ತೋರಿಸಬೇಕು ಅನ್ನೋದು ನಿಜ. ಭಾಗಿಸುವ ಸಂಖ್ಯೆ ಮಾತ್ರ ತಪ್ಪಾಗಿದೆ. ನಿಮ್ಮ ಲೆಕ್ಕದಲ್ಲೇ ವಾಪಸ್ ಹೋಗಿ ನೋಡೋಣ. ಎರಡು ತೆರಿಗೆ ಸೇರಿ 194.86. ಮೂಲ ಬೆಲೆ 985.14. ಅದಕ್ಕೆ 18% ಸೇರಿಸಿದರೆ 1,162.47. ಚಾರ್ಜರ್ ಬೆಲೆ 1,180. ಮುಟ್ಟಲಿಲ್ಲ.

ಯಾಕೆಂದರೆ ಟ್ಯಾಗಿನ ಒಳಗೆ ಎರಡೂ ತೆರಿಗೆ ಒಟ್ಟಿಗೆ ಕೂತಿವೆ. ನೀವು ಒಂದನ್ನು ತೆಗೆಯುವಾಗ ಇನ್ನೊಂದು ಒಳಗೆ ಇಲ್ಲವೇ ಇಲ್ಲ ಅಂದುಕೊಂಡು 109ರಿಂದ ಭಾಗಿಸಿದಿರಿ. ಕೆಳಗೆ ಯಾವಾಗಲೂ 100ಕ್ಕೆ ಎರಡೂ ತೆರಿಗೆ ಸೇರಿಸಿದ ಸಂಖ್ಯೆ ಬರಬೇಕು. ಮೇಲೆ ಮಾತ್ರ ನಿಮಗೆ ಬೇಕಾದ ತೆರಿಗೆಯ ದರ. 1,180 × 9 ÷ 118, ಅಂದರೆ 90. ಎಸ್‌ಜಿಎಸ್‌ಟಿ ಇನ್ನೊಂದು 90. ಮೂಲ ಬೆಲೆ 1,000. ಇದು ನನ್ನ ಸ್ವಂತ ಸೂತ್ರ ಅಲ್ಲ, ಜಿಎಸ್‌ಟಿ ನಿಯಮ 35ರಲ್ಲೇ ಹೀಗೆ ಬರೆದಿದೆ: ತೆರಿಗೆ ಸೇರಿದ ಬೆಲೆಯನ್ನು ದರದಿಂದ ಗುಣಿಸು, 100 ಮತ್ತು ಎಲ್ಲ ದರಗಳ ಮೊತ್ತದಿಂದ ಭಾಗಿಸು.

ನೀವು ಒಂದೊಂದು ಚಾರ್ಜರ್ ಮೇಲೆ 14.86 ಜಾಸ್ತಿ ತೆರಿಗೆ ಬರೆಯುತ್ತಿದ್ದೀರಿ. ತಿಂಗಳಿಗೆ ನೂರು ಮಾರಿದರೆ ಎಷ್ಟಾಯಿತು ನೋಡಿ. ದಯವಿಟ್ಟು ಇವತ್ತೇ ಬದಲಾಯಿಸಿ.

ಮೊಬೈಲ್ ಬಿಡಿಭಾಗಗಳ ಅಂಗಡಿ, ರಾಯಚೂರು

ಸರ್, ಈಗ ಕೂತು ಮಾಡಿ ನೋಡಿದೆ. ನೀವು ಹೇಳಿದ್ದು ಸರಿ. 118ರಿಂದ ಭಾಗಿಸಿದಾಗ ಮಾತ್ರ ವಾಪಸ್ ಕೂಡುತ್ತದೆ. ನನ್ನ ಎಕ್ಸೆಲ್ ಹಾಳೆಯಲ್ಲಿ ಒಂದು ವರ್ಷದಿಂದ 109 ಇದೆ. ಇವತ್ತು ರಾತ್ರಿ ತಿದ್ದುತ್ತೇನೆ.

ಪಾತ್ರೆ ಅಂಗಡಿ, ಕೊಪ್ಪಳ

ಇಷ್ಟೆಲ್ಲ ಯಾಕೆ ಬೇಕು? ನಾವು 1% ಕಟ್ಟುತ್ತೇವೆ, ಮುಗಿಯಿತು. ಮೂರು ತಿಂಗಳ ಒಟ್ಟು ವ್ಯಾಪಾರಕ್ಕೆ 1%. ನನ್ನದೂ ಒಂದು ಪ್ರಶ್ನೆ ಇದೆ. ಹಾಗಾದರೆ ನಾನು 101ರಿಂದ ಭಾಗಿಸಬೇಕಾ?

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಬೇಡ ಅಣ್ಣ, ಭಾಗಿಸಬೇಡಿ. ನಿಮ್ಮದು ಕಾಂಪೊಸಿಷನ್. ನೀವು ಗ್ರಾಹಕರಿಂದ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಬಿಲ್ ಆಫ್ ಸಪ್ಲೈ ಕೊಡುತ್ತೀರಿ, ಅದರಲ್ಲಿ ತೆರಿಗೆಯ ಸಾಲೇ ಇರಬಾರದು. ಬೆಲೆಯ ಒಳಗೆ ತೆರಿಗೆ ಕೂತಿಲ್ಲ ಅಂದ ಮೇಲೆ ಹೊರಗೆ ತೆಗೆಯೋದು ಏನನ್ನು? 1,000ಕ್ಕೆ ಕುಕ್ಕರ್ ಮಾರಿದರೆ ಆ 1,000ದ ಮೇಲೆ ನೇರವಾಗಿ 1%, ಅಂದರೆ 10 ರೂಪಾಯಿ, ನಿಮ್ಮ ಕೈಯಿಂದ. ಅಕ್ಕನವರು ತೆರಿಗೆ ತೋರಿಸಿ ಬಿಲ್ ಕೊಡುತ್ತಿದ್ದಾರೆ. ಅವರದು ಬೇರೆ ದಾರಿ. ಎರಡನ್ನೂ ಬೆರೆಸಬೇಡಿ.

ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ನಮ್ಮದು ರೆಗ್ಯುಲರ್ ನೋಂದಣಿಯೇ. 21ರ ಲೆಕ್ಕ ಈಗ ಮನಸ್ಸಿಗೆ ಹತ್ತಿತು. ಆದರೆ 1,050 ಚೆನ್ನಾಗಿ ಭಾಗ ಹೋಗುತ್ತದೆ. ನಮ್ಮಲ್ಲಿ ಜಾಸ್ತಿ ಹೋಗೋದು 799ರ ಪ್ಯಾಂಟ್. ಅದನ್ನು ಮಾಡಿದಾಗ ನನಗೆ ಒಂದು ಪೈಸೆ ಕಡಿಮೆ ಬರುತ್ತಿದೆ. ಒಟ್ಟು 798.99. ಎಲ್ಲಿ ತಪ್ಪಿದೆ?

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ತಪ್ಪಿಲ್ಲ, ಕ್ರಮ ಬದಲಾಗಬೇಕು ಅಷ್ಟೇ. ನೀವು ಮೊದಲು ಮೂಲ ಬೆಲೆ ತೆಗೆದಿದ್ದೀರಿ ಅನಿಸುತ್ತದೆ. 799 ÷ 1.05 ಮಾಡಿದರೆ 760.952. ಅದನ್ನು 760.95 ಅಂತ ಬರೆದಿರಿ. ಆಮೇಲೆ ಸಿಜಿಎಸ್‌ಟಿ 19.0238, ಅದು 19.02 ಆಯಿತು. ಎಸ್‌ಜಿಎಸ್‌ಟಿಯೂ 19.02. ಮೂರು ಕಡೆ ಸ್ವಲ್ಪ ಸ್ವಲ್ಪ ಬಿಟ್ಟಿದ್ದಕ್ಕೆ ಕೊನೆಗೆ ಒಂದು ಪೈಸೆ ಹೋಯಿತು.

ಹೀಗೆ ಮಾಡಿ. ಮೊದಲು ಸಿಜಿಎಸ್‌ಟಿ ತೆಗೆಯಿರಿ, ಎರಡು ದಶಾಂಶಕ್ಕೆ ತನ್ನಿ. 19.02. ಎಸ್‌ಜಿಎಸ್‌ಟಿ ಅದರ ನಕಲು, 19.02. ಎರಡೂ ಸೇರಿ 38.04. ಈಗ 799ರಿಂದ ಅದನ್ನು ಕಳೆಯಿರಿ, 760.96. ಇದೇ ಮೂಲ ಬೆಲೆ. ಕೂಡಿದರೆ ಸರಿಯಾಗಿ 799. ಮೂಲ ಬೆಲೆಗೆ 2.5% ಹಾಕಿ ನೋಡಿದರೂ 19.024, ಅಂದರೆ 19.02. ಎರಡೂ ಕಡೆಯಿಂದ ಕೂಡಿತು.

ಎಕ್ಸೆಲ್ ಇಟ್ಟುಕೊಂಡಿದ್ದರೆ A ಕಾಲಮ್ಮಿನಲ್ಲಿ ಟ್ಯಾಗಿನ ಬೆಲೆ, B ಕಾಲಮ್ಮಿನಲ್ಲಿ ಸಿಜಿಎಸ್‌ಟಿ, C ಕಾಲಮ್ಮಿನಲ್ಲಿ ಮೂಲ ಬೆಲೆ ಇಡಿ. B2 ಮತ್ತು C2ಗೆ ಹಾಕಬೇಕಾದದ್ದು ಇಷ್ಟೇ:

```
=ROUND(A2*2.5/105,2)
=A2-2*B2
```

ರಾಯಚೂರಿನ ಅಣ್ಣನವರಿಗೆ 2.5 ಜಾಗದಲ್ಲಿ 9, 105 ಜಾಗದಲ್ಲಿ 118.

ಒಬ್ಬರೇ ಎರಡು ಪ್ಯಾಂಟ್ ಕೊಂಡಾಗ ಇನ್ನೊಂದು ಪೈಸೆಯ ಆಟ ಬರುತ್ತದೆ. ಒಂದೊಂದಕ್ಕೆ ಬೇರೆ ಲೆಕ್ಕ ಹಾಕಿದರೆ ತೆರಿಗೆ 76.08. ಒಟ್ಟು 1,598ಕ್ಕೆ ಹಾಕಿದರೆ 76.10. ಯಾವುದಾದರೂ ಒಂದು ಪದ್ಧತಿ ಹಿಡಿದು ಅದರಲ್ಲೇ ಇರಿ. ಬಿಲ್ ಒಂದು ರೀತಿ, ತಿಂಗಳ ಪಟ್ಟಿ ಇನ್ನೊಂದು ರೀತಿ ಆದರೆ ಮಾತ್ರ ಕೊನೆಗೆ ನಾಲ್ಕಾಣೆ ಹುಡುಕುತ್ತಾ ರಾತ್ರಿ ಕೂರಬೇಕಾಗುತ್ತದೆ.

ಬಟ್ಟೆ ಮತ್ತು ಸೂಟ್‌ಕೇಸ್ ಅಂಗಡಿ, ಮಾನ್ವಿ

ಪೈಸೆ ಬಿಡಿ, ನಾನು ಸಾವಿರದ ಲೆಕ್ಕದಲ್ಲಿ ಸೋತಿದ್ದೇನೆ. ಅದನ್ನು ಹೇಳಲೇಬೇಕು. ನಾನು ಸಂಜೆ ಗಲ್ಲಾ ಎಣಿಸಿ ಒಟ್ಟು ಮೊತ್ತವನ್ನು 21ರಿಂದ ಭಾಗಿಸಿ ತೆರಿಗೆ ಬರೆದಿಡುತ್ತಿದ್ದೆ. ನನ್ನ ಅಂಗಡಿಯಲ್ಲಿ ಬಟ್ಟೆಯೇ ಮುಖ್ಯ, ಸೂಟ್‌ಕೇಸ್ ಪಕ್ಕಕ್ಕೆ ಇಟ್ಟಿದ್ದು. ಆದರೆ ಸೂಟ್‌ಕೇಸಿಗೆ 18%.

ಒಂದು ದಿನದ ಲೆಕ್ಕ ಹೇಳುತ್ತೇನೆ. ಒಟ್ಟು 41,200 ಬಂದಿತ್ತು. 21ರಿಂದ ಭಾಗಿಸಿದರೆ 1,961.90. ಅಷ್ಟೇ ಎತ್ತಿಟ್ಟೆ. ನಿಜವಾಗಿ ಅದರಲ್ಲಿ 29,400 ಬಟ್ಟೆ, 11,800 ಸೂಟ್‌ಕೇಸ್. ಬಟ್ಟೆಯ ತೆರಿಗೆ 29,400 ÷ 21, ಅಂದರೆ 1,400. ಸೂಟ್‌ಕೇಸಿನ ತೆರಿಗೆ 11,800 × 18 ÷ 118, ಅಂದರೆ 1,800. ಒಟ್ಟು 3,200. ಒಂದೇ ದಿನದಲ್ಲಿ 1,238 ರೂಪಾಯಿ ಕಡಿಮೆ. ಮದುವೆ ಸೀಸನ್ ಪೂರ್ತಿ ಹೀಗೇ ನಡೆಯಿತು. ರಿಟರ್ನ್ ಹಾಕುವ ಹೊತ್ತಿಗೆ ದುಡ್ಡು ಕೈಯಲ್ಲಿ ಇರಲಿಲ್ಲ, ಮಾಲಿಗೆ ಹೋಗಿಬಿಟ್ಟಿತ್ತು. ನಮ್ಮ ತಮ್ಮನ ಹತ್ತಿರ ಕೈಸಾಲ ತಂದು ಕಟ್ಟಿದೆ.

ಈಗ ಗಲ್ಲಾದ ಪಕ್ಕದಲ್ಲಿ ಎರಡು ನೋಟ್‌ಬುಕ್ ಇಟ್ಟಿದ್ದೇನೆ. ಒಂದರ ಮೇಲೆ 5, ಇನ್ನೊಂದರ ಮೇಲೆ 18 ಅಂತ ಬರೆದಿದೆ. ಪ್ರತಿ ಮಾರಾಟ ಅದರ ಪುಸ್ತಕಕ್ಕೆ. ದರ ಬೇರೆ ಆದ ಮೇಲೆ ಎರಡರ ಸರಾಸರಿಯೂ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ದಿನಾ ಯಾವುದು ಎಷ್ಟು ಹೋಗುತ್ತದೆ ಅಂತ ಗೊತ್ತಿರಲ್ಲ. ಅಕ್ಕಾ, ನಿಮ್ಮ ಅಂಗಡಿಯಲ್ಲಿ ಬೆಲ್ಟ್, ಪರ್ಸ್ ಇಡುವುದಿದ್ದರೆ ಮೊದಲು ಅದರ ದರ ಕೇಳಿಕೊಳ್ಳಿ.

ಶಾಲಾ ಶಿಕ್ಷಕಿ, ರಾಯಚೂರು

ನಾನು ಅಂಗಡಿಯವಳಲ್ಲ, ಕೊಳ್ಳುವವಳು. ಹೋದ ತಿಂಗಳು ಒಂದು ಕಡೆ ಮಗನಿಗೆ 1,200 ಎಂಆರ್‌ಪಿ ಇರುವ ಶರ್ಟ್ ಕೊಂಡೆ. ಬಿಲ್‌ನಲ್ಲಿ 1,200, ಅದರ ಕೆಳಗೆ ಜಿಎಸ್‌ಟಿ 60, ಒಟ್ಟು 1,260. ಕೇಳಿದರೆ, ಇದು ಸರ್ಕಾರದ ತೆರಿಗೆ ಮೇಡಂ, ನಾವೇನು ಮಾಡೋದು ಅಂದರು. ಕೊಟ್ಟು ಬಂದೆ. ಇಲ್ಲಿ ಓದಿದ ಮೇಲೆ ಅನುಮಾನ ಬಂತು.

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಅನುಮಾನ ಸರಿಯಾಗಿದೆ ಮೇಡಂ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆಯೂ ಸೇರಿದ ಗರಿಷ್ಠ ಬೆಲೆ. ಟ್ಯಾಗಿನಲ್ಲೇ ಸಣ್ಣ ಅಕ್ಷರದಲ್ಲಿ ಹಾಗೆ ಬರೆದಿರುತ್ತಾರೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವ ಹಾಗೇ ಇಲ್ಲ. ನಿಮ್ಮ ಬಿಲ್ ಹೀಗಿರಬೇಕಿತ್ತು: ಮೂಲ ಬೆಲೆ 1,142.86, ತೆರಿಗೆ 28.57 ಮತ್ತು 28.57, ಒಟ್ಟು 1,200. ಬಿಲ್ ಮತ್ತು ಟ್ಯಾಗ್ ಎರಡೂ ಇದ್ದರೆ ತೆಗೆದುಕೊಂಡು ಹೋಗಿ 60 ರೂಪಾಯಿ ವಾಪಸ್ ಕೇಳಿ. ಕೊಡದಿದ್ದರೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಬಹುದು.

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ

ಯಾರೂ ಜಾಕೆಟ್ ಮುಟ್ಟಲೇ ಇಲ್ಲ. ಅಕ್ಕನ ಎರಡನೇ ಪ್ರಶ್ನೆಯೇ ನಿಜವಾಗಿ ಗಟ್ಟಿ ಪ್ರಶ್ನೆ. ನಾವು ಘಟಕದ ಮುಂದೆಯೇ ಚಿಲ್ಲರೆ ಕೌಂಟರ್ ಇಟ್ಟಿದ್ದೇವೆ, ಈ ಜಾಕೆಟ್ಟಿನಲ್ಲೇ ತಲೆ ಕೆಡಿಸಿಕೊಂಡವನು ನಾನು.

2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿಗೆ ಒಂದು ಪೀಸಿಗೆ 2,500 ರೂಪಾಯಿವರೆಗೆ 5%, ಅದನ್ನು ದಾಟಿದರೆ 18%. ಈ 2,500 ಅನ್ನೋದು ತೆರಿಗೆ ಬಿಟ್ಟ ಬೆಲೆ. ಟ್ಯಾಗಿನ ಬೆಲೆ ಅಲ್ಲ. ಅಂದರೆ ಟ್ಯಾಗಿನಲ್ಲಿ 2,625 ಇದ್ದರೂ ಪರವಾಗಿಲ್ಲ. 2,625 ÷ 21, ತೆರಿಗೆ 125. ಮೂಲ ಬೆಲೆ ಸರಿಯಾಗಿ 2,500. 5% ನಡೆಯುತ್ತದೆ. ಎಷ್ಟೋ ಜನ ಹೆದರಿಕೊಂಡು 2,499ಕ್ಕೇ ನಿಲ್ಲಿಸುತ್ತಾರೆ. ಅದು ಬೇಕಿಲ್ಲ.

ಈಗ ಅಕ್ಕನ 2,799 ನೋಡಿ. 5% ಅಂತ ಹಿಡಿದರೆ ಮೂಲ ಬೆಲೆ 2,665.71. ಇದು 2,500 ದಾಟಿತು, ಹಾಗಾಗಿ 18% ಹಾಕಬೇಕು. ಸರಿ, 18% ಹಿಡಿಯಿರಿ. ಮೂಲ ಬೆಲೆ 2,372.03. ಇದು 2,500ಕ್ಕಿಂತ ಕಡಿಮೆ, ಹಾಗಾಗಿ 5% ಹಾಕಬೇಕು! ಎರಡೂ ಕಡೆಯಿಂದ ಬಾಗಿಲು ಮುಚ್ಚಿತು. ಅದಕ್ಕೇ ನಿಮ್ಮ ಸಾಫ್ಟ್‌ವೇರ್ ಒಮ್ಮೆ ಅದು, ಒಮ್ಮೆ ಇದು ಅನ್ನುತ್ತಿದೆ. ಅದು ಕೆಟ್ಟಿಲ್ಲ. ನೀವು ಕೊಟ್ಟ ಬೆಲೆಗೆ ಉತ್ತರವೇ ಇಲ್ಲ.

2,625 ದಾಟಿದ ಮೇಲೆ 2,950 ಸೇರಿ ಅಲ್ಲಿಯವರೆಗೆ ಯಾವ ಟ್ಯಾಗ್ ಬರೆದರೂ ಇದೇ ಕಥೆ. ನಾವು ಘಟಕದಲ್ಲಿ ಇದನ್ನು ಹಳ್ಳ ಅಂತ ಕರೆಯುತ್ತೇವೆ. ಮೊದಲು ಗಡಿ 1,000 ಇದ್ದು, ಮೇಲೆ 12% ಇದ್ದಾಗಲೂ ಹಳ್ಳ ಇತ್ತು, 1,050ರಿಂದ 1,120ರವರೆಗೆ. ಆಗ ಅದು ಚಿಕ್ಕದು, ಯಾರೂ ಗಮನಿಸುತ್ತಿರಲಿಲ್ಲ. ಈಗ 5ರಿಂದ ನೇರ 18ಕ್ಕೆ ಹಾರುವುದರಿಂದ ಹಳ್ಳ 325 ರೂಪಾಯಿ ಅಗಲ ಆಗಿದೆ.

ಇನ್ನೊಂದು ಮಾತು ಹೇಳುತ್ತೇನೆ, ಇದು ನನಗೆ ದುಡ್ಡು ಉಳಿಸಿದ ಮಾತು. ಹಳ್ಳದ ಆಚೆಗೆ 2,999ಕ್ಕೆ ಮಾರಿದರೆ ಏನಾಗುತ್ತದೆ? 18% ತೆಗೆದರೆ ತೆರಿಗೆ 457.47, ನನ್ನ ಕೈಗೆ 2,541.53. ಅದೇ ಜಾಕೆಟ್ ಈಚೆಗೆ ತಂದು 2,625ಕ್ಕೆ ಕೊಟ್ಟರೆ ನನ್ನ ಕೈಗೆ 2,500. ನನಗೆ ಕಡಿಮೆ ಆದದ್ದು 41.53. ಗ್ರಾಹಕನಿಗೆ ಉಳಿದದ್ದು 374. ಈ ಲೆಕ್ಕ ಕಾಗದದ ಮೇಲೆ ನೋಡಿದ ದಿನವೇ ನಾನು 2,999ರ ಟ್ಯಾಗುಗಳನ್ನು ಕಿತ್ತು ಹಾಕಿದೆ. ಜಾಕೆಟ್ ನಿಂತಿದ್ದವು, ಓಡಲು ಶುರುವಾದವು.

ಕೇಳಿದವರು

ಅಣ್ಣಾ, ಈಗ ಅರ್ಥ ಆಯಿತು. ಎರಡು ವಾರದಿಂದ ಸಾಫ್ಟ್‌ವೇರ್ ಹುಡುಗನ ಜೊತೆ ಜಗಳ ಆಡುತ್ತಿದ್ದೆ. ಒಂದು ಕೇಳಲಾ? ಟ್ಯಾಗ್ 2,999 ಇರಲಿ ಬಿಡಿ, ಕೌಂಟರಿನಲ್ಲಿ ಚೌಕಾಸಿ ಮಾಡಿದಾಗ ಕಡಿಮೆ ಮಾಡಿದರೆ? ನಮ್ಮಲ್ಲಿ ಚೌಕಾಸಿ ಇಲ್ಲದೆ ಯಾರೂ ಕೊಳ್ಳುವುದಿಲ್ಲ.

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಮಾರುವ ಹೊತ್ತಿಗೇ ರಿಯಾಯಿತಿ ಕೊಟ್ಟು, ಅದನ್ನು ಬಿಲ್‌ನಲ್ಲಿ ತೋರಿಸಿದರೆ, ರಿಯಾಯಿತಿ ಕಳೆದ ಬೆಲೆಯೇ ಲೆಕ್ಕಕ್ಕೆ. ಟ್ಯಾಗಿನ ಬೆಲೆ ಅಲ್ಲ. ದರ 5 ಅಥವಾ 18 ಅಂತ ನಿರ್ಧಾರ ಆಗುವುದೂ ಅದರ ಮೇಲೆಯೇ.

ಆದರೆ ಎಷ್ಟು ಇಳಿಸುತ್ತೀರಿ ಅನ್ನೋದರ ಮೇಲೆ ಗಮನ ಇರಲಿ. 2,999ಕ್ಕೆ 10% ಬಿಟ್ಟರೆ 2,699.10. ಸೀದಾ ಹಳ್ಳಕ್ಕೆ ಬಿದ್ದಿರಿ. 15% ಬಿಟ್ಟರೆ 2,549.15. ತೆರಿಗೆ 121.39, ಮೂಲ ಬೆಲೆ 2,427.76. ದಾಟಿ ಈಚೆ ಬಂದಿರಿ, 5% ಸಾಕು. ಹಾಗಾಗಿ ಜಾಕೆಟ್ಟಿನಲ್ಲಿ 10% ಅನ್ನೋ ಬೋರ್ಡ್ ಬೇಡ. ಹುಡುಗರಿಗೆ ಹೇಳಿಡಿ, ಇಳಿಸಿದರೆ 2,625ಕ್ಕೆ ಇಳಿಸಿ, ಇಲ್ಲವೇ 2,951ರ ಮೇಲೆಯೇ ನಿಲ್ಲಿಸಿ ಅಂತ.

ಬಿಲ್‌ನಲ್ಲಿ 2,999 ಬರೆದು ಕೈಯಲ್ಲಿ ಮಾತ್ರ 2,600 ತೆಗೆದುಕೊಂಡರೆ ಬಿಲ್‌ನಲ್ಲಿ ಇರುವುದಕ್ಕೆ ನೀವು ತೆರಿಗೆ ಕಟ್ಟಬೇಕಾಗುತ್ತದೆ. ಅದನ್ನು ಮಾಡಬೇಡಿ.

ಬಟ್ಟೆ ಮತ್ತು ಸೂಟ್‌ಕೇಸ್ ಅಂಗಡಿ, ಮಾನ್ವಿ

ಹಾಗಾದರೆ ಈಗಾಗಲೇ 2,799ಕ್ಕೆ ಮಾರಿಬಿಟ್ಟಿದ್ದರೆ ಏನು ಮಾಡೋದು? ನಾನೂ ನಾಲ್ಕು ಮಾರಿದ್ದೇನೆ.

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ

ನನ್ನ ಮಟ್ಟಿಗೆ 18% ಬರೆದುಬಿಡುವುದು ಸುರಕ್ಷಿತ. 2,799ರಲ್ಲಿ ತೆರಿಗೆ 426.97 ಹೋಗುತ್ತದೆ, ನಷ್ಟ ನಮ್ಮದೇ. ಆದರೆ ಮುಂದೆ ಯಾರೂ ಬಂದು ಕಡಿಮೆ ಕಟ್ಟಿದ್ದೀರಿ ಅನ್ನುವ ಹಾಗಿಲ್ಲ.

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಅಲ್ಲಿ ನಾನು ಒಪ್ಪುವುದಿಲ್ಲ. 18% ಬರೆದ ಬಿಲ್‌ನಲ್ಲಿ ಮೂಲ ಬೆಲೆ 2,372.03 ಅಂತ ಕಾಣುತ್ತದೆ. ಆ ಬೆಲೆಗೆ 5% ಮಾತ್ರ ತೆಗೆದುಕೊಳ್ಳಬೇಕು. ಗ್ರಾಹಕರು ನನ್ನಿಂದ ಯಾಕೆ 18 ತೆಗೆದಿರಿ ಅಂದರೆ ನಿಮ್ಮ ಹತ್ತಿರ ಉತ್ತರ ಇಲ್ಲ. 5% ಬರೆದರೆ ಮೂಲ ಬೆಲೆ 2,665.71 ಕಾಣುತ್ತದೆ, ಆಗ ಇಲಾಖೆ ಕೇಳುತ್ತದೆ. ಎರಡೂ ಬಿಲ್‌ಗಳು ತಮ್ಮ ಮೇಲೆ ತಾವೇ ಸಾಕ್ಷಿ ಹೇಳುತ್ತವೆ. ಮಾರಿದ್ದು ನಾಲ್ಕೇ ಆದರೆ ಆ ಬಿಲ್‌ಗಳನ್ನು ನಿಮ್ಮ ಸಿಎ ಹತ್ತಿರ ಇಟ್ಟು, ಅವರು ಹೇಳಿದ ಹಾಗೆ ಮಾಡಿ. ಇಲ್ಲಿ ಕೂತು ನಾನು ಒಂದು ದರ ಹೇಳುವುದು ಸರಿಯಲ್ಲ.

ಜೀನ್ಸ್ ಹೊಲಿಗೆ ಘಟಕ, ಬಳ್ಳಾರಿ

ನಿಮ್ಮ ಮಾತಿಗೆ ಬೆಲೆ ಇದೆ ಸರ್, ಆದರೂ ನಾನು ಹೆಚ್ಚು ಕಟ್ಟಿದ ಕಡೆಗೇ ನಿಲ್ಲುತ್ತೇನೆ. ನೋಟಿಸ್ ಬಂದರೆ ಓಡಾಡುವುದು ನಾವು.

ಕೇಳಿದವರು

ನಾವಿನ್ನೂ ಜಾಕೆಟ್ ಒಂದೂ ಮಾರಿಲ್ಲ, ದೇವರು ದೊಡ್ಡವನು. ಆದರೆ ಪ್ಯಾಂಟಿನ ಹಳೆಯ ಬಿಲ್‌ಗಳು ಇವೆಯಲ್ಲ? ಎರಡು ತಿಂಗಳು 52.50 ಲೆಕ್ಕದಲ್ಲೇ ಬರೆದಿದ್ದೇನೆ. ಹೋದ ತಿಂಗಳು ಒಟ್ಟು 2,10,000 ವ್ಯಾಪಾರ. ನಾನು ತೆರಿಗೆ 10,500 ಅಂತ ಬರೆದೆ. ನಿಮ್ಮ ಲೆಕ್ಕದಲ್ಲಿ 10,000 ಆಗಬೇಕಿತ್ತು. ಆ 500 ವಾಪಸ್ ಸಿಗುತ್ತದಾ?

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಅಕ್ಕಾ, ಆ 500ರ ಆಸೆ ಬಿಡಿ ಅಂತಲೇ ಹೇಳುತ್ತೇನೆ. ಬಿಲ್‌ನಲ್ಲಿ ತೆರಿಗೆ ಅಂತ ಬರೆದು ಗ್ರಾಹಕರಿಂದ ತೆಗೆದುಕೊಂಡ ದುಡ್ಡು, ಜಾಸ್ತಿಯಾಗಿದ್ದರೂ, ಸರ್ಕಾರಕ್ಕೇ ಸೇರಬೇಕು. ಆ ಗ್ರಾಹಕರನ್ನೆಲ್ಲ ಹುಡುಕಿ ಬಿಲ್ ಬದಲಾಯಿಸಲು ಆಗುವುದಿಲ್ಲ.

ಇನ್ನೊಂದು ನೋಡಿ. ಜಿಎಸ್‌ಟಿಆರ್-1ರಲ್ಲಿ ಚಿಲ್ಲರೆ ಮಾರಾಟ ಹಾಕುವಾಗ ದರ ಮತ್ತು ಮೂಲ ಬೆಲೆ ಹಾಕಿದರೆ ತೆರಿಗೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ನೀವು 1,99,500 ಹಾಕಿದ್ದರೆ ಅದು 9,975 ತೋರಿಸಿರುತ್ತದೆ. ನಿಮ್ಮ ಪುಸ್ತಕದಲ್ಲಿ 10,500. ಈ 525ರ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲವಾ?

ಕೇಳಿದವರು

ಬಿತ್ತು ಸರ್. ಪೋರ್ಟಲ್ ತಪ್ಪು ಅಂದುಕೊಂಡು ಬಿಟ್ಟುಬಿಟ್ಟೆ.

ಅಂಗಡಿಗಳ ಲೆಕ್ಕ ಬರೆಯುವವರು, ಬಳ್ಳಾರಿ

ಅದೇ ಗುರುತು. ಪುಸ್ತಕದ ತೆರಿಗೆ, ಪೋರ್ಟಲ್‌ನ ತೆರಿಗೆ ಎರಡೂ ಪೈಸೆಯಲ್ಲಿ ತಪ್ಪಿದರೆ ಪರವಾಗಿಲ್ಲ, ನೂರರಲ್ಲಿ ತಪ್ಪಿದರೆ ಎಲ್ಲೋ ಟ್ಯಾಗಿನ ಬೆಲೆಯ ಮೇಲೆಯೇ ಶೇಕಡಾ ತೆಗೆದಿದ್ದೀರಿ ಅಂತ ಅರ್ಥ. ಎರಡು ತಿಂಗಳ ಬಿಲ್ ಪುಸ್ತಕ ತೆಗೆದುಕೊಂಡು ನಿಮ್ಮ ಲೆಕ್ಕ ನೋಡುವವರ ಹತ್ತಿರ ಹೋಗಿ. ಬಿಲ್‌ನಲ್ಲಿ ಏನು ಬರೆದಿದೆಯೋ ಅದಕ್ಕೆ ರಿಟರ್ನ್ ಹೊಂದಿಸಬೇಕು. ಮುಂದಿನ ರಿಟರ್ನ್‌ನಲ್ಲಿ ತಿದ್ದುಪಡಿಗೆ ಜಾಗ ಇದೆ. ಬೇಗ ಹೋದಷ್ಟೂ ಬಡ್ಡಿ ಕಡಿಮೆ.

ಪಾತ್ರೆ ಅಂಗಡಿ, ಕೊಪ್ಪಳ

ಓದುತ್ತಾ ಕೂತಿದ್ದೆ. ನಾನು ಮುಂದಿನ ವರ್ಷ ರೆಗ್ಯುಲರ್‌ಗೆ ಬರಬೇಕು ಅಂತ ಇದ್ದೇನೆ, ಕುಕ್ಕರ್ ಜೊತೆ ಮಿಕ್ಸಿಯನ್ನೂ ಇಡುವ ಯೋಚನೆ ಇದೆ. ಎರಡು ನೋಟ್‌ಬುಕ್ ಈಗಲೇ ತರುತ್ತೇನೆ.

ಕೇಳಿದವರು

ಇವತ್ತು ಬೆಳಿಗ್ಗೆ ಅಂಗಡಿ ತೆಗೆದ ಕೂಡಲೇ ಜಾಕೆಟ್ ಟ್ಯಾಗ್ ಎಲ್ಲ ಬಿಚ್ಚಿ 2,625 ಬರೆದೆ. ಹದಿನಾಲ್ಕು ಇದ್ದವು. ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿದೆ, 2,500, ಆಮೇಲೆ 62.50, ಆಮೇಲೆ 62.50. ಮೂರು ಸಾಲು, ಒಟ್ಟು 2,625. ನಮ್ಮ ಮನೆಯವರು ಬಿಲ್ ಪುಸ್ತಕ ಹಿಡಿದುಕೊಂಡು ಸಿಎ ಹತ್ತಿರ ಹೋಗಿದ್ದಾರೆ. ಅವರು ಏನು ಹೇಳಿದರು ಅಂತ ಸಂಜೆ ಬರೆಯುತ್ತೇನೆ.